ಸೊನ್ನೆ ಬಿಲ್ ತಪ್ಪಿಸಿದ್ದು ಆಟವಲ್ಲ, ನನ್ನ ಅಲಕ್ಷ್ಯ

'ಏನಪಾ, ಪ್ರತಿ ತಿಂಗಳು ಸೊನ್ನಿ ಬರ್ತಿತ್ತು, ಈ ಸಲ ಸಾವಿರದ ಮ್ಯಾಲ ಯಾಕ ಬಂತು?' ಎಂದು ಅವ್ವ ಕರೆಂಟ್ ಬಿಲ್ ನನ್ನ ಮುಂದಿಟ್ಟಾಗ ಉತ್ತರ ನನ್ನ ಕೋಣೆಯಲ್ಲೇ ಗುಂಯ್‌ಗುಡುತ್ತಿತ್ತು. ಪದವಿ ಮುಗಿಸಿ ಬಾಳೆಹೊಸೂರಿಗೆ ಮರಳಿದಾಗ ಹುಬ್ಬಳ್ಳಿಯಿಂದ ತಂದ ಸೆಕೆಂಡ್ ಹ್ಯಾಂಡ್ ಗೇಮಿಂಗ್ ಕಂಪ್ಯೂಟರ್ ಅದು. ಕೆಲಸದ ಅರ್ಜಿಗಳನ್ನು ತುಂಬುವುದೂ ಅದರಲ್ಲೇ, ಸಂಜೆ ಆಡುವುದೂ ಅದರಲ್ಲೇ.

ಗೃಹಜ್ಯೋತಿಯ ಲೆಕ್ಕ ಹೀಗಿದೆ. 2022-23ರಲ್ಲಿ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿದರೆ ನಮ್ಮ ಉಚಿತ ಮಿತಿ. ಅದನ್ನು ಮೀರಿದರೆ ಹೆಚ್ಚುವರಿ ಯೂನಿಟ್‌ಗೆ ಹಣ ಕಟ್ಟಬೇಕು. ಆದರೆ ಬಳಕೆ 200 ಯೂನಿಟ್ ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ನಮ್ಮ ತಲೆಗೆ. ನಮ್ಮ ಕೂಡು ಕುಟುಂಬದ ಸರಾಸರಿ 158, ಉಚಿತ ಮಿತಿ ಸುಮಾರು 174. ಆ ತಿಂಗಳು ಮೀಟರ್ ತೋರಿಸಿದ್ದು 206. ಕೇವಲ ಆರು ಯೂನಿಟ್ ಹೆಚ್ಚಾಗಿದ್ದಕ್ಕೆ 206 ಯೂನಿಟ್‌ಗೂ ದುಡ್ಡು, ಜೊತೆಗೆ ನಿಗದಿತ ಶುಲ್ಕ ಮತ್ತು ತೆರಿಗೆ.

ಕಂಪ್ಯೂಟರ್ ಎಷ್ಟು ತಿನ್ನುತ್ತದೆ ಎಂದು ತಿಳಿಯಲು ಉಪಕರಣ ಕೊಳ್ಳಬೇಕಿಲ್ಲ. ಮನೆಯ ಮೀಟರ್ ಮೇಲೆ ಮಿಣುಕುವ ಕೆಂಪು ದೀಪವೇ ಸಾಕು. ನಮ್ಮ ಮೀಟರ್ ಮೇಲೆ '3200 imp/kWh' ಎಂದಿದೆ. ಅಂದರೆ 3200 ಸಲ ಮಿಣುಕಿದರೆ ಒಂದು ಯೂನಿಟ್. ಮಧ್ಯಾಹ್ನ ಫ್ರಿಜ್, ಫ್ಯಾನ್ ಎಲ್ಲ ಆರಿಸಿ, ಕಂಪ್ಯೂಟರ್ ಒಂದನ್ನೇ ಇಟ್ಟು ಐದು ನಿಮಿಷ ಎಣಿಸಿದೆ. ಆಟ ಓಡುವಾಗ 67 ಮಿಣುಕು. ಅದನ್ನು 12ರಿಂದ ಗುಣಿಸಿ 3200ರಿಂದ ಭಾಗಿಸಿದರೆ 0.25 ಕಿಲೋವ್ಯಾಟ್, ಅಂದರೆ 250 ವ್ಯಾಟ್. ಪವರ್ ಸಪ್ಲೈ ಡಬ್ಬಿಯ ಮೇಲೆ 550 ವ್ಯಾಟ್ ಎಂದಿದೆಯಲ್ಲ ಎಂದು ಹೆದರಿದ್ದೆ. ಅದು ಕೊಡಬಲ್ಲ ಗರಿಷ್ಠ, ಎಳೆಯುವ ಲೆಕ್ಕವಲ್ಲ.

ಅಚ್ಚರಿ ಮುಂದಿತ್ತು. ಆಟ ಮುಚ್ಚಿ ಸುಮ್ಮನೆ ಬಿಟ್ಟಾಗಲೂ 16 ಮಿಣುಕು, 60 ವ್ಯಾಟ್. ಡೌನ್‌ಲೋಡ್ ನೆಪದಲ್ಲಿ, ಮರೆವಿನಲ್ಲಿ ಅದು ದಿನಕ್ಕೆ ಹತ್ತು ತಾಸು ಹೀಗೇ ಉರಿಯುತ್ತಿತ್ತು. ನಾಲ್ಕು ತಾಸಿನ ಆಟಕ್ಕೆ ತಿಂಗಳಿಗೆ 30 ಯೂನಿಟ್, ಯಾರೂ ಮುಟ್ಟದ ಹೊತ್ತಿಗೆ 18 ಯೂನಿಟ್.

ಮೊದಲು ಆ 18ಕ್ಕೆ ಕೈಹಾಕಿದೆ. ಹದಿನೈದು ನಿಮಿಷ ಮುಟ್ಟದಿದ್ದರೆ ಸ್ಲೀಪ್‌ಗೆ ಹೋಗುವಂತೆ ಮಾಡಿದೆ. ಆದರೂ ಅದು ಮಲಗಲಿಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಬರೆದೆ:

```
powercfg /requests
```

ನಿದ್ದೆ ತಡೆಯುತ್ತಿರುವ ಪ್ರೋಗ್ರಾಂ ಹೆಸರು ಅಲ್ಲೇ ಸಿಕ್ಕಿತು: ಹಿಂದೆ ತೆರೆದೇ ಇದ್ದ ಗೇಮ್ ಲಾಂಚರ್. ಅದನ್ನು ಮುಚ್ಚಿದ ಮೇಲೆ ಸಮಸ್ಯೆ ತೀರಿತು. ಸ್ಲೀಪ್‌ನಲ್ಲಿ ಎಳೆಯುವುದು ಕೆಲವೇ ವ್ಯಾಟ್, ತಿಂಗಳಿಗೆ ಒಂದು ಯೂನಿಟ್ ಆಸುಪಾಸು. ಒಂದು ಎಚ್ಚರಿಕೆ: ಕರೆಂಟ್ ಹೋದರೆ ಸ್ಲೀಪ್‌ನಲ್ಲಿ ಸೇವ್ ಮಾಡದ ಕೆಲಸ ಹೋಗುತ್ತದೆ. ಹಳ್ಳಿಯಲ್ಲಿ ರಾತ್ರಿ ಪೂರ್ತಿ ಶಟ್‌ಡೌನ್ ಮಾಡುವುದೇ ಮೇಲು.

ಎರಡನೆಯದು ಆಟದ ಹೊತ್ತು. ನನ್ನ ಮಾನಿಟರ್ ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲದು. ಗ್ರಾಫಿಕ್ಸ್ ಕಾರ್ಡ್ ಮಾತ್ರ 130 ಚಿತ್ರ ಬಿಡಿಸಿ, ಅರ್ಧಕ್ಕೂ ಹೆಚ್ಚನ್ನು ವ್ಯರ್ಥ ಮಾಡುತ್ತಿತ್ತು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ 'Max Frame Rate' ಅನ್ನು 60ಕ್ಕೆ ಇಟ್ಟೆ. ಮಿಣುಕು 67ರಿಂದ 43ಕ್ಕೆ ಇಳಿಯಿತು, ಅಂದರೆ 160 ವ್ಯಾಟ್. ಫ್ಯಾನಿನ ಸದ್ದೂ ಇಳಿಯಿತು. ಮಾನಿಟರ್ 144 ಹರ್ಟ್ಜ್‌ನದಾಗಿದ್ದು ಸ್ಪರ್ಧೆಗೆ ಆಡುವವರಿಗೆ ಈ ಮಿತಿ ಒಗ್ಗದು. ಕಾರ್ಡ್ ಮೊದಲೇ 60 ತಲುಪಲು ಏದುಸಿರು ಬಿಡುತ್ತಿದ್ದರೆ ಉಳಿತಾಯವೂ ಆಗದು. ಆಗ ಆಟದೊಳಗಿನ ನೆರಳು, ಪ್ರತಿಬಿಂಬದ ಸೆಟ್ಟಿಂಗ್ ಇಳಿಸಬೇಕು.

ಲಕ್ಷ್ಮೇಶ್ವರದ ಗೆಳೆಯನ ಬಳಿ ಎಕ್ಸ್‌ಬಾಕ್ಸ್ ಇದೆ. ಅದರ ಪವರ್ ಆಯ್ಕೆಯಲ್ಲಿ 'Sleep' ಇದ್ದರೆ ಆರಿಸಿದ ಮೇಲೂ ಹತ್ತು ವ್ಯಾಟ್‌ಗಿಂತ ಹೆಚ್ಚು ಎಳೆಯಬಹುದು. ದಿನವಿಡೀ ಹಾಗಿದ್ದರೆ ತಿಂಗಳಿಗೆ ಏಳೆಂಟು ಯೂನಿಟ್. 'Shutdown (energy saving)' ಆರಿಸಿದರೆ ಅದು ಒಂದು ವ್ಯಾಟ್‌ಗೂ ಕಡಿಮೆ. ಆನ್ ಆಗಲು ತುಸು ಹೆಚ್ಚು ಕಾಯಬೇಕು, ಅಷ್ಟೇ.

ಮರು ತಿಂಗಳು ನನ್ನ ಕಂಪ್ಯೂಟರಿನ ಪಾಲು 48ರಿಂದ ಸುಮಾರು 20 ಯೂನಿಟ್‌ಗೆ ಇಳಿಯಿತು. ಮನೆಯ ಬಳಕೆ 178. ಹೆಚ್ಚಾದ ನಾಲ್ಕು ಯೂನಿಟ್‌ನ ದುಡ್ಡು ನಾನೇ ಕೊಟ್ಟೆ. ಆಡುವ ಹೊತ್ತನ್ನು ಒಂದು ತಾಸೂ ಕಡಿಮೆ ಮಾಡಿರಲಿಲ್ಲ. ದುಡಿಯದ ಮಗ ಆಡಬಾರದು ಎಂದು ಅವ್ವ ಎಂದೂ ಅಂದಿಲ್ಲ. ಆದರೆ ಯಾರೂ ಆಡದ ಹೊತ್ತಿನ ಕರೆಂಟಿಗೆ ಆಕೆ ದುಡ್ಡು ಕಟ್ಟುವುದು ನ್ಯಾಯವಲ್ಲ. ಈಗ ಪ್ರತಿ 20ನೇ ತಾರೀಖು ಮೀಟರ್ ಓದಿ ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯುತ್ತೇನೆ. 200ರ ಗೆರೆ ಹತ್ತಿರ ಬಂದಿದ್ದರೆ ಉಳಿದ ಹತ್ತು ದಿನ ಮೊಬೈಲ್‌ನಲ್ಲೇ ಆಟ.