"ನೋಡಿ ಕೊಡ್ರಿ" ಅಂದ್ರೆ ಏನು ನೋಡೋದು?

ಹುಲಸೂರಿನ ನಮ್ಮ ಮನೆಯಲ್ಲಿ ಆಯಿಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ ಆಯ್ತು. ಕಳೆದ ಸೆಮಿಸ್ಟರ್ ರಜೆಯಲ್ಲಿ ವಾಂತಿ-ಭೇದಿ ಹತ್ತಿ ಎದ್ದು ಕೂರೋಕೂ ಆಗದೆ ಹೋದಾಗ ಊರು ಬಿಟ್ಟು ದೊಡ್ಡ ಆಸ್ಪತ್ರೆಗೆ ಸೇರಿಸಿದ್ವಿ. ರಾತ್ರಿ ಮಂಚದ ಪಕ್ಕ ಕೂರೋ ಡ್ಯೂಟಿ ನನ್ನದು. ಮೂರನೇ ದಿನ ಬೆಳಿಗ್ಗೆ 8 ಗಂಟೆಗೆ ರಾತ್ರಿ ಪಾಳಿಯ ಸಿಸ್ಟರ್ ಬೆಳಗಿನ ಪಾಳಿಯವರಿಗೆ ಆಯಿಯನ್ನ ಒಪ್ಪಿಸಿದ್ದು ಹೆಚ್ಚುಕಮ್ಮಿ ಹೀಗೆ:

"ಬೆಡ್ ಏಳು, ಅಮ್ಮ ನಿನ್ನೆಗಿಂತ ಬೇಷ್ ಅದಾರ. ರಾತ್ರಿ ಎರಡು ಸಲ ಸಂಡಾಸ ಆಗ್ಯದ, ವಾಂತಿ ಇಲ್ಲ. ಮಗ ಬಂದು ಜಗಳಾನೇ ಜಗಳ, ನಮ್ಮವ್ವ ರಾತ್ರಿ ಏನೂ ತಿಂದಿಲ್ಲ, ನೀವು ಯಾರೂ ಕೇಳಂಗಿಲ್ಲ ಅಂತ. ಎಡಗೈ ಸಲೈನ್ ಊದಿತ್ತು, ತೆಗೆದು ಬಲಗೈಗೆ ಹಾಕೀನಿ. ಆರಕ್ಕ ಶುಗರ್ 64 ಬಂತು, ಗ್ಲೂಕೋಸ್ ಪುಡಿ ಮೂರು ಚಮಚ ಕುಡಿಸೀನಿ. ಬಿಪಿ 110/70. ಬ್ಲಡ್ ಕಳಿಸೋದು. ಇನ್ಸುಲಿನ್ ಅವರಿಗೆ ಹೇಳೀನಿ, ನೋಡಿ ಕೊಡ್ರಿ ಅಂದಾರ."

ಅದನ್ನೇ ಬೆಳಗಿನ ಸಿಸ್ಟರ್ ರಿಜಿಸ್ಟರಲ್ಲಿ ಗೀಚಿಕೊಂಡು ಮುಂದಿನ ಮಂಚಕ್ಕೆ ಹೋದ್ರು. ಡಾಕ್ಟರ್ ಫೋನಲ್ಲಿ ಹೇಳಿದ್ದು "ಶುಗರ್ ಮತ್ತೊಮ್ಮೆ ನೋಡಿ ಕೊಡಿ" ಅಂತ. ಬೆಳಗಿನ ಸಿಸ್ಟರ್‌ಗೆ ಅರ್ಥ ಆಗಿದ್ದು "ಚಾರ್ಟ್ ನೋಡಿ ಕೊಡಿ" ಅಂತ. ಚಾರ್ಟಲ್ಲಿದ್ದ ಪೂರ್ತಿ ಡೋಸ್ ಹೋಯ್ತು. ಆಯಿ ಉಪ್ಪಿಟ್ಟು ಎರಡು ತುತ್ತು ತಿಂದು ತಟ್ಟೆ ಸರಿಸಿದ್ಲು. ಹತ್ತು ಗಂಟೆಗೆ ಬೆವರು, ನಡುಕ, ನನ್ನ ಹೆಸರೇ ನೆನಪಿಲ್ಲ. ಶುಗರ್ 46. ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ ಕೊಟ್ಟ ಮೇಲೆ ಆಯಿ ಸರಿಹೋದ್ಲು. ಅದೃಷ್ಟ ಅಂದ್ರೆ ಅದು ನಡೆದಿದ್ದು ಹಗಲಲ್ಲಿ, ಎಲ್ಲರೂ ಎಚ್ಚರ ಇರುವಾಗ.

ಇಬ್ಬರು ಸಿಸ್ಟರೂ ಸೋಮಾರಿಗಳಲ್ಲ. ಎಲ್ಲ ಮಾಹಿತಿ ಆ ಮಾತಲ್ಲೇ ಇತ್ತು. ಆದರೆ ಏನಾಗಿದೆ, ಏನು ಮಾಡಿದೀವಿ, ಏನು ಬಾಕಿ ಇದೆ, ಮೂರೂ ಕಲಸಿಕೊಂಡಿದ್ವು.

ಊರಿಗೆ ಬಂದ ಮೇಲೆ ನರ್ಸ್ ಆಗಿರೋ ನಮ್ಮ ದೊಡ್ಡಪ್ಪನ ಮಗಳ ಜೊತೆ ಕೂತು ಆ ಮಾತನ್ನ ಬಿಡಿಸಿ ಬರೆದೆ. ನನ್ನ ಮೊದಲ ಪ್ರಯತ್ನ ಹೀಗಿತ್ತು: "ರೋಗಿ ಚೇತರಿಸಿಕೊಳ್ಳುತ್ತಿದ್ದಾರೆ. ಶುಗರ್ ಕಡಿಮೆಯಾಗಿತ್ತು, ಸರಿಪಡಿಸಲಾಗಿದೆ. ಇನ್ಸುಲಿನ್ ಮುಂದುವರಿಸುವುದು." ಅಕ್ಕ ಓದಿ, "ಇದು ಮೊದಲಿನದಕ್ಕಿಂತ ಡೇಂಜರ್ ಅದ," ಅಂದ್ಲು. ಗ್ಲೂಕೋಸ್ ಕುಡಿಸಿದ್ದು ನಿಜ, "ಸರಿಪಡಿಸಲಾಗಿದೆ" ಅನ್ನೋದು ನನ್ನ ಊಹೆ. ಶುಗರ್ 70ಕ್ಕಿಂತ ಕೆಳಗಿದ್ರೆ ಸುಮಾರು 15 ಗ್ರಾಂ ಗ್ಲೂಕೋಸ್ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು. ಮತ್ತೆ ಮಾಡಿದ್ರು ಅಂತ ಸಿಸ್ಟರ್ ಹೇಳೇ ಇಲ್ಲ. ನನ್ನ ಚಂದದ ವಾಕ್ಯ ಆ ತೂತನ್ನ ಮುಚ್ಚಿಬಿಟ್ಟಿತ್ತು.

ಎರಡನೇ ಸಲ ಅಕ್ಕ ಬರೆಸಿದ್ದು ಇದು:

"ಸ್ಥಿತಿ: ಬೆಡ್ 7, ಡಯಾಬಿಟಿಸ್ ಇರುವ ವೃದ್ಧೆ, ವಾಂತಿ-ಭೇದಿಯಿಂದ ಸೇರಿ ಇಂದು ಮೂರನೇ ದಿನ. ರಾತ್ರಿ ಎರಡು ಸಲ ಭೇದಿ ಆಗಿದೆ, ವಾಂತಿ ಇಲ್ಲ. ರಾತ್ರಿ ಏನೂ ತಿಂದಿಲ್ಲ ಎಂದು ಮಗ ಹೇಳಿದ್ದಾರೆ. ಬಿಪಿ 110/70. ಬೆಳಿಗ್ಗೆ 6:00ಕ್ಕೆ ಶುಗರ್ 64.

ಮಾಡಿದ್ದು: ಗ್ಲೂಕೋಸ್ ಪುಡಿ ಮೂರು ಚಮಚ ಕುಡಿಸಲಾಗಿದೆ. ಎಡಗೈ ಊದಿದ್ದರಿಂದ ಸಲೈನನ್ನು ಬಲಗೈಗೆ ಬದಲಿಸಲಾಗಿದೆ. ಬೆಳಗಿನ ಇನ್ಸುಲಿನ್ ಬಗ್ಗೆ ತಿಳಿಸಲಾಗಿದೆ (ಯಾರಿಗೆ ಎಂದು ಹೇಳಿಲ್ಲ), ಉತ್ತರ 'ನೋಡಿ ಕೊಡಿ'.

ಬಾಕಿ: ಗ್ಲೂಕೋಸ್ ನಂತರ ಶುಗರ್ ಮತ್ತೆ ನೋಡಿದ ದಾಖಲೆ ಇಲ್ಲ, ಈಗಲೇ ನೋಡಬೇಕು. ಇನ್ಸುಲಿನ್ ಕೊಡುವ ಮೊದಲು, ಏನು ನೋಡಿ, ಎಷ್ಟು ಕೊಡಬೇಕು ಎಂದು ಡಾಕ್ಟರನ್ನು ಕೇಳಬೇಕು. ರಕ್ತದ ಸ್ಯಾಂಪಲ್ ಹೋಗಿದೆಯೋ, ಹೋಗಬೇಕೋ ಸ್ಪಷ್ಟವಿಲ್ಲ, ರಾತ್ರಿ ಸಿಸ್ಟರನ್ನು ಕೇಳಬೇಕು."

ಇದರಲ್ಲಿ ಒಂದು ಹೊಸ ವಿಷಯವೂ ಇಲ್ಲ. ಆದರೂ ಇದನ್ನ ಓದಿದವರು ಇನ್ಸುಲಿನ್ ಸಿರಿಂಜ್ ಕೈಗೆ ತಗೊಳ್ಳೋ ಮೊದಲು ಗ್ಲೂಕೋಮೀಟರ್ ತಗೋತಾರೆ.

ಇದರಿಂದ ನನಗೆ ಗಟ್ಟಿಯಾಗಿ ಅನ್ನಿಸಿದ ಮೂರು ಮಾತು ಹೇಳ್ತೀನಿ.

ಮೊದಲನೇದು, ತೊಂದರೆಯ ಒಂದು ಪಾಲು ನಮ್ಮ ಭಾಷೆಯ ಸಲಿಗೆಯಲ್ಲಿದೆ. ಕನ್ನಡದಲ್ಲಿ ಕರ್ತೃ ಇಲ್ಲದೆನೂ ಮಾತು ನಡೆಯುತ್ತೆ. "ಅವರಿಗೆ ಹೇಳೀನಿ": ಡಾಕ್ಟರಿಗಾ, ಮಗನಿಗಾ? "ಬ್ಲಡ್ ಕಳಿಸೋದು": ಕಳಿಸಿದ್ದಾ, ಕಳಿಸಬೇಕಾದದ್ದಾ? ಮನೆಯಲ್ಲಿ ಇದು ನಡೆಯುತ್ತೆ, ಯಾಕಂದ್ರೆ ಎದುರಿಗಿದ್ದವರಿಗೆ ಹಿಂದುಮುಂದು ಗೊತ್ತಿರುತ್ತೆ. ಪಾಳಿ ಬದಲಾಗುವಾಗ ಗೊತ್ತಿರೋರು ಮನೆಗೆ ಹೊರಟಿರ್ತಾರೆ. ಹಾಗಾಗಿ ಬರೆಯುವಾಗ ಪ್ರತಿ ಕ್ರಿಯಾಪದ ಒಂದು ಕಡೆ ನಿಲ್ಲಬೇಕು: "ಆಗಿದೆ" ಅಥವಾ "ಆಗಬೇಕು". ಎರಡರಲ್ಲಿ ಯಾವುದು ಅಂತ ಗೊತ್ತಾಗದಿದ್ರೆ ಅದು ಪ್ರಶ್ನೆಯಾಗಿ ಬಾಕಿ ಭಾಗಕ್ಕೆ ಹೋಗಬೇಕು. ಊಹಿಸಿ ತುಂಬಬಾರದು.

ಎರಡನೇದು, ಹರಟೆ ಅನ್ನಿಸಿದ್ದನ್ನ ಮೊದಲೇ ಕತ್ತರಿಸಬಾರದು. ನನ್ನ ಮೊದಲ ಪ್ರಯತ್ನದಲ್ಲಿ ಕಾಕಾನ ಜಗಳ ಪೂರ್ತಿ ಹಾರಿಹೋಗಿತ್ತು, ರೋಗಿಗೂ ಜಗಳಕ್ಕೂ ಏನು ಸಂಬಂಧ ಅಂತ. ಆದರೆ ರಾತ್ರಿ ಊಟ ಆಗಿಲ್ಲ ಅನ್ನೋ ಮಾತು ಇದ್ದಿದ್ದು ಆ ಜಗಳದಲ್ಲೇ. 64 ಯಾಕೆ ಬಂತು ಅನ್ನೋದಕ್ಕೂ, ಪೂರ್ತಿ ಡೋಸ್ ಯಾಕೆ ಅಪಾಯ ಅನ್ನೋದಕ್ಕೂ ಅದೇ ಸುಳಿವು. ಜಗಳ ಬಿಡಬಹುದು, ಅದರೊಳಗಿನ ಸಂಗತಿ ಬಿಡೋ ಹಾಗಿಲ್ಲ. ಅದನ್ನ ಹೇಳಿದ್ದು ಯಾರು ಅಂತಲೂ ಬರೆಯಬೇಕು, ಯಾಕಂದ್ರೆ ಸಿಸ್ಟರ್ ಕಣ್ಣಾರೆ ಕಂಡಿದ್ದೂ ಮಗ ಹೇಳಿದ್ದೂ ಒಂದೇ ಅಲ್ಲ.

ಮೂರನೇದು ನಮ್ಮಂಥವರಿಗೆ. ಈ ಕಥೆ ಹೇಳಿದ ತಕ್ಷಣ ನನ್ನ ರೂಮ್‌ಮೇಟ್, "ಒಂದು ಫಾರ್ಮ್ ಮಾಡು, ಡ್ರಾಪ್‌ಡೌನ್ ಇಡು, ಮುಗೀತು" ಅಂದ. ಬಿಪಿ, ಶುಗರ್, ಸಮಯ ಇವಕ್ಕೆ ಕಾಲಂ ಒಳ್ಳೇದೇ. ಆದರೆ "ಡಾಕ್ಟರಿಗೆ ತಿಳಿಸಿದೆ" ಅಂತ ಒಂದು ಟಿಕ್ ಬಾಕ್ಸ್ ಇದ್ದಿದ್ರೆ ಆ ದಿನ ಅದಕ್ಕೂ ಟಿಕ್ ಬೀಳ್ತಿತ್ತು, ಇನ್ಸುಲಿನ್ನೂ ಹೋಗ್ತಿತ್ತು. ತಿಂದಿಲ್ಲ, ಅದಕ್ಕೇ ಶುಗರ್ ಇಳಿದಿರಬಹುದು, ಅದಕ್ಕೇ ಡೋಸ್ ಕೇಳಬೇಕು: ಈ "ಅದಕ್ಕೇ" ಕೂರೋಕೆ ವಾಕ್ಯವೇ ಬೇಕು. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗಳಿಗೆ ಬಂದ ಎಸ್‌ಬಿಎಆರ್ ಪದ್ಧತಿಯಲ್ಲೂ ಪರಿಸ್ಥಿತಿ, ಹಿನ್ನೆಲೆ, ಅಂದಾಜು, ಸಲಹೆ ಅಂತ ನಾಲ್ಕು ತಲೆಬರಹ ಇದಾವೆ. ಅವುಗಳ ಕೆಳಗೆ ಮನುಷ್ಯರು ಮಾತಲ್ಲೇ ಹೇಳಬೇಕು.

ಅಕ್ಕ ಒಂದು ಎಚ್ಚರಿಕೆನೂ ಕೊಟ್ಲು. ವಾರ್ಡಲ್ಲಿ ಇಪ್ಪತ್ತು ರೋಗಿಗಳಿರುವಾಗ ಪ್ರತಿಯೊಬ್ಬರಿಗೂ ಇಷ್ಟುದ್ದ ಬರೆಯೋಕೆ ಆಗಲ್ಲ. ಏನೂ ಬದಲಾಗದವರಿಗೆ ಮೂರು ವಾಕ್ಯ ಸಾಕು, ರಾತ್ರಿ ಏನಾದ್ರೂ ಏರುಪೇರಾದವರಿಗೆ ಮಾತ್ರ ಪೂರ್ತಿ. ಬಿಡಿಸಿ ಬರೆದದ್ದನ್ನ ಹೊರಡೋ ಸಿಸ್ಟರ್‌ಗೆ ಒಮ್ಮೆ ಓದಿ ಹೇಳಬೇಕು, ಮೂಲ ಟಿಪ್ಪಣಿಯನ್ನ ಅಳಿಸಬಾರದು. ಸಮಯ ಇಲ್ಲದಿದ್ರೆ ಮೊದಲು ಬರೆಯಬೇಕಾದ್ದು ಬಾಕಿ ಭಾಗ. ಸ್ಥಿತಿಯನ್ನ ರೋಗಿಯ ಹತ್ತಿರ ಹೋಗಿ ನೋಡಬಹುದು, ಮಾಡಿದ್ದನ್ನ ಚಾರ್ಟಲ್ಲಿ ಹುಡುಕಬಹುದು. ಬಾಕಿ ಮಾತ್ರ ಹೋಗುವವರ ತಲೆಯಲ್ಲಿ ಕೂತು ಬಸ್ ಹತ್ತಿಬಿಡುತ್ತೆ.

ಆಯಿ ಈಗ ಆರಾಮ ಇದ್ದಾಳೆ. ಫ್ರಿಜ್ ಬಾಗಿಲಿಗೆ ನಾನೊಂದು ಹಾಳೆ ಅಂಟಿಸಿದೀನಿ, ಬೆಳಿಗ್ಗೆ ಅವ್ವ, ಸಂಜೆ ಕಾಕಾ ಇನ್ಸುಲಿನ್ ಕೊಡೋದು ಅದನ್ನ ನೋಡಿಯೇ. ಕೊನೇ ಸಾಲು ಹೀಗಿದೆ: "ಮೊದಲು ಶುಗರ್ ನೋಡಿ. ಊಟ ತಯಾರಿದೆಯಾ ನೋಡಿ. ಆಮೇಲೆ ಕೊಡಿ."