ಚಾಟ್ ಎಕ್ಸ್‌ಪೋರ್ಟ್ ಮಾಡೋ ಮೊದ್ಲು ಒಂದ್ಸಲ ಓದ್ರಿ

ಬಸವಕಲ್ಯಾಣದ ನಮ್ಮ ಲೇಔಟ್ ಗ್ರೂಪಿನ ಅಡ್ಮಿನ್ ಅಂಕಲ್, ಬೋರ್‌ವೆಲ್ ಮೋಟರ್ ರಿಪೇರಿಗೆ ದಾಖಲೆ ಬೇಕು ಅಂತ ಇಡೀ ವಾಟ್ಸಾಪ್ ಚಾಟ್ ತೆಗೆದ್ರು. `Export chat`, ಆಮೇಲೆ `Without media`. ಬಂದ .txt ಫೈಲನ್ನ ರಿಪೇರಿಯವರಿಗೂ ಕಳಿಸಿಬಿಟ್ರು.

ಫೈಲ್ ತೆರೆದ್ರೆ, ಅಂಕಲ್ ಸೇವ್ ಮಾಡ್ಕೊಳ್ಳದವರ ಪೂರ್ತಿ ನಂಬರ್ ಪ್ರತಿ ಮೆಸೇಜಿನ ಮುಂದೆ. ಮೋಟರ್ ಮಾತಿನ ನಡುವೆ ಒಬ್ಬ ಆಂಟಿ ಮೆಸೇಜು: "ಮದುವಿಗೆ ಹುಮನಾಬಾದಕ್ಕ ಹೊಂಟೀವಿ, ಮೂರು ದಿನ ಮನಿ ಕೀಲಿ." ಇದು ನೆರೆಯವರಿಗೆ ಹೇಳಿದ್ದು, ಅಂಗಡಿಯವರಿಗಲ್ಲ. ಎನ್‌ಕ್ರಿಪ್ಷನ್ ಇರೋದು ವಾಟ್ಸಾಪ್ ಒಳಗೆ. ಹೊರಗೆ ಬಂದ ಫೈಲನ್ನ ಕೈಗೆ ಸಿಕ್ಕವರು ಓದಬಹುದು.

ಅಂಕಲ್ ಉದ್ದೇಶ ತಪ್ಪಲ್ಲ, ದಾಖಲೆ ಬೇಕೇ ಬೇಕು. ಆದ್ರೆ ಬಿಕಾಂ ಓದೋ ನಮಗೆ ಗೊತ್ತಲ್ಲ, ಖರ್ಚಿಗೆ ಬೇಕಿರೋದು ಬಿಲ್ಲು, ವೋಚರ್. .txt ಫೈಲನ್ನ ಯಾರು ಬೇಕಾದ್ರೂ ತಿದ್ದಬಹುದು, ಹಾಗಾಗಿ ಪುರಾವೆಯಾಗಿಯೂ ಅದು ಗಟ್ಟಿಯಲ್ಲ. ಮೋಟರ್ ಬಗ್ಗೆ ಒಪ್ಪಿದ ಮಾತಷ್ಟೇ ರಿಜಿಸ್ಟರ್‌ನಲ್ಲಿ ಬರೆದು ಸಹಿ ಹಾಕಿಸಿದ್ರೆ ಸಾಕು. ಚಾಟೇ ಬೇಕಂದ್ರೆ ಮೊದ್ಲು ಗ್ರೂಪಿನಲ್ಲಿ ಹೇಳಿ, ಸಂಬಂಧಪಟ್ಟ ಸಾಲು ಮಾತ್ರ ಇಟ್ಟು, ಉಳಿದದ್ದು ಅಳಿಸಿ.

ಗ್ರೂಪಿನಲ್ಲಿ `Advanced chat privacy` ಆನ್ ಮಾಡಿದ್ರೆ ಎಕ್ಸ್‌ಪೋರ್ಟ್ ಆಗಲ್ಲ. ಆದ್ರೆ ಸ್ಕ್ರೀನ್‌ಶಾಟ್ ನಿಲ್ಲಲ್ಲ ನೋಡ್ರಿ.

ನಿಮ್ಮನೆ ಕೀಲಿ ಸುದ್ದಿ ಯಾರ ಫೈಲಿನಲ್ಲಿ ಅದ?