ಬೈಬ್ಯಾಕ್‌ನ ಲಾಭ ಎಲ್ಲಿ ಹೋಯ್ತು?

2025ರಲ್ಲಿ, ಆಗಷ್ಟೇ ಷೇರು ವ್ಯವಹಾರ ಕಲೀತಿದ್ದ ನಮ್ಮ ಆಫೀಸಿನ ಹುಡುಗ ಕೇಳಿದ:

“ಸರ್, ಮಾರ್ಕೆಟ್‌ನಲ್ಲಿ 1,000 ರೂಪಾಯಿ ಇರೋ ಷೇರನ್ನ ಕಂಪನಿ 1,200ಕ್ಕೆ ಬೈಬ್ಯಾಕ್ ಮಾಡ್ತಿದೆ. ತಗೊಂಡು ಕೊಟ್ಬಿಟ್ರೆ 200 ಲಾಭ. ನೀವೂ ಹೀಗೇ ಮಾಡ್ತಿದ್ರಂತೆ?”

“ಮಾಡ್ತಿದ್ದೆ. ಎರಡು ಲಕ್ಷದವರೆಗೆ ಷೇರು ಇರೋ ಸಣ್ಣ ಹೂಡಿಕೆದಾರರಿಗೆ ಶೇ 15ರಷ್ಟು ಮೀಸಲು. ತೆರಿಗೆಯನ್ನ ಕಂಪನಿಯೇ ಕಟ್ತಿತ್ತು. ಕಂಪನಿ ತಗೊಂಡ ಪ್ರತಿ ಷೇರಿಗೂ 200 ಪೂರ್ತಿ ನಮ್ಮ ಕೈಗೆ.”

“ಮೀಸಲು ಈಗಲೂ ಇದೆಯಲ್ಲ?”

“ಇದೆ, ಬದಲಾಗಿದ್ದು ತೆರಿಗೆ. 2024ರ ಅಕ್ಟೋಬರ್ 1ರಿಂದ, ಬರೋ 1,200 ಪೂರ್ತಿ ಡಿವಿಡೆಂಡ್ ಅಂತ ಲೆಕ್ಕ. ನಿನ್ನದು ಶೇ 30ರ ಸ್ಲ್ಯಾಬ್. ಸೆಸ್ ಬಿಟ್ಟರೂ 360 ತೆರಿಗೆ, ಉಳಿಯೋದು 840.”

“ಮತ್ತೆ ನಾನು ಹಾಕಿದ 1,000?”

“ಅದು ಬಂಡವಾಳ ನಷ್ಟ. ಎಂಟು ವರ್ಷದವರೆಗೆ ಬೇರೆ ಷೇರಿನ ಲಾಭದಲ್ಲಿ ಕಳೀಬಹುದು. ಈ ವರ್ಷವೇ ನಿನಗೆ 1,000 ಅಲ್ಪಾವಧಿ ಲಾಭ ಇದ್ರೆ, ಅದರ ಮೇಲಿನ ಶೇ 20 ತೆರಿಗೆ, ಅಂದ್ರೆ 200 ಉಳಿಯುತ್ತೆ. 840ಕ್ಕೆ ಅದನ್ನ ಸೇರಿಸಿದ್ರೆ 1,040.”

“ಬರೀ 40!”

“ಬೇರೆ ಲಾಭ ಇಲ್ದಿದ್ರೆ ಸದ್ಯಕ್ಕೆ 160 ಕೈಬಿಟ್ಟಂತೆ.”

“ಹಾಗಾದ್ರೆ ಯಾರಿಗೂ ಪ್ರಯೋಜನ ಇಲ್ವಾ?”

“ತೆರಿಗೆಯೇ ಬೀಳದಷ್ಟು ಆದಾಯ ಇರೋರಿಗೆ ಇದೆ. ಬೈಬ್ಯಾಕ್ ಬೆಲೆ ಎಲ್ಲರಿಗೂ ಒಂದೇ, ಲಾಭ ಮಾತ್ರ ಅವರವರ ಸ್ಲ್ಯಾಬ್ ಮೇಲೆ. ತೆರಿಗೆ ನಿಯಮ ಬದಲಾದಾಗೆಲ್ಲ ಈ ಲೆಕ್ಕವನ್ನ ಮೊದಲಿಂದ ಹಾಕ್ಬೇಕು.”